ಅಭಿಮಾನದ ಗೇಮ್, ಉಚಿತ ಸಾಮಗ್ರಿ: ಪ್ರಕಟಣೆಗೆ ಮುನ್ನ ಏನನ್ನು ಬಿಡಬೇಕು, ಏನನ್ನು ಉಳಿಸಿಕೊಳ್ಳಬಹುದು

ಓದುಗರ ಪ್ರಶ್ನೆ: ಎರಡು ವರ್ಷಗಳಿಂದ ಒಬ್ಬನೇ ಕುಳಿತು ಮೊಬೈಲ್ ಗೇಮ್ ಒಂದನ್ನು ಮಾಡಿದ್ದೇನೆ. ವಿಚಿತ್ರ ಜೀವಿಗಳನ್ನು ಹಿಡಿದು ಬೆಳೆಸುವ ಒಂದು ಪ್ರಸಿದ್ಧ ಗೇಮಿನ ಅಭಿಮಾನಿ ನಾನು. ನನ್ನ ಕಥೆಯೂ ಅದೇ ಲೋಕದಲ್ಲಿ ನಡೆಯುತ್ತದೆ. ಜೀವಿಗಳ ಚಿತ್ರಗಳನ್ನು ನಾನೇ ಹೊಸದಾಗಿ ಬಿಡಿಸಿದ್ದೇನೆ, ಹೆಸರುಗಳಲ್ಲಿ ಒಂದೆರಡು ಅಕ್ಷರ ಬದಲಿಸಿದ್ದೇನೆ. ನೆಲ, ಮರ, ಗುಹೆಗಳ ಚಿತ್ರಗಳು, ಸಂಗೀತ, ಫಾಂಟ್ ಎಲ್ಲವೂ ಉಚಿತವಾಗಿ ಸಿಕ್ಕವು. ಗೇಮ್ ಉಚಿತ, ಜಾಹೀರಾತು ಮಾತ್ರ ಇರುತ್ತದೆ. ‘ಎಲ್ಲ ಹಕ್ಕುಗಳೂ ಮೂಲ ಕಂಪನಿಯವು’ ಎಂದು ಮೊದಲ ಪರದೆಯಲ್ಲೇ ಬರೆದಿದ್ದೇನೆ. ಇಷ್ಟು ಸಾಕೇ? ಹೀಗೆಯೇ ಪ್ರಕಟಿಸಿದರೆ ಏನಾಗಬಹುದು?

ಉತ್ತರ: ಸಾಕಾಗುವುದಿಲ್ಲ. ಆದರೆ ನಿಮ್ಮ ಎರಡು ವರ್ಷದ ದುಡಿಮೆಯ ಬಹುಪಾಲು ಉಳಿಯುತ್ತದೆ, ಅದನ್ನೂ ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ತೊಂದರೆಗಳು ಹೆಣೆದುಕೊಂಡಿವೆ. ಒಂದು, ಬೇರೆಯವರ ಲೋಕ, ಪಾತ್ರ ಮತ್ತು ಹೆಸರು. ಅನುಮತಿ ಇಲ್ಲದಿದ್ದರೆ ಇದನ್ನು ಎಷ್ಟು ಎಚ್ಚರದಿಂದ ಬಳಸಿದರೂ ಸರಿಹೋಗುವುದಿಲ್ಲ, ತೆಗೆಯಲೇಬೇಕು. ಇನ್ನೊಂದು, ಉಚಿತವಾಗಿ ಸಿಕ್ಕ ಕಡತಗಳು. ಇವು ಎಚ್ಚರದಿಂದಲೇ ಸರಿಹೋಗುತ್ತವೆ, ಹೆಚ್ಚೆಂದರೆ ನಾಲ್ಕೈದು ದಿನಗಳ ಕೆಲಸ. ನನ್ನ ಬಳಿಗೆ ಬರುವ ಬಿಡಿ ಡೆವಲಪರ್‌ಗಳಲ್ಲಿ ಹೆಚ್ಚಿನವರು ಮೊದಲನೆಯದರ ಬಗ್ಗೆ ಮಾತ್ರ ಹೆದರಿರುತ್ತಾರೆ, ಎರಡನೆಯದನ್ನು ಗಮನಿಸಿಯೇ ಇರುವುದಿಲ್ಲ.

ಮೊದಲ ಪರದೆಯ ಆ ವಾಕ್ಯದಿಂದಲೇ ಆರಂಭಿಸುತ್ತೇನೆ. ‘ಹಕ್ಕುಗಳು ಮೂಲ ಕಂಪನಿಯವು’ ಎಂದು ಬರೆಯುವುದರಿಂದ ನಿಮಗೆ ಯಾವ ಅನುಮತಿಯೂ ಸಿಗುವುದಿಲ್ಲ. ಈ ಸೊತ್ತು ನನ್ನದಲ್ಲ ಎಂದು ಗೊತ್ತಿದ್ದೇ ಬಳಸಿದ್ದೇನೆ ಎಂಬ ಲಿಖಿತ ಹೇಳಿಕೆಯಾಗಿ ಅದು ನಿಲ್ಲುತ್ತದೆ. ನೀವು ಅದನ್ನು ಗೌರವದಿಂದ ಬರೆದಿದ್ದೀರಿ, ನನಗೆ ಅರ್ಥವಾಗುತ್ತದೆ. ಆದರೆ ದೂರು ಬರೆಯುವ ವಕೀಲರು ಅದನ್ನು ಓದುವ ಬಗೆಯೇ ಬೇರೆ.

ಚಿತ್ರಗಳನ್ನು ನೀವೇ ಬಿಡಿಸಿದ್ದೀರಿ ಎಂಬುದೂ ನೀವು ಅಂದುಕೊಂಡಷ್ಟು ನೆರವಾಗುವುದಿಲ್ಲ. ಹಕ್ಕುಸ್ವಾಮ್ಯ ಇರುವುದು ಕಡತದ ಮೇಲೆ ಮಾತ್ರವಲ್ಲ. ಗುರುತು ಹಿಡಿಯಬಹುದಾದ ಪಾತ್ರದ ಮೇಲೂ, ಅದನ್ನು ಆಧರಿಸಿ ಹೊಸ ಕೃತಿ ಮಾಡುವ ಅಧಿಕಾರದ ಮೇಲೂ ಇರುತ್ತದೆ. ಅದೇ ಕಿವಿ, ಅದೇ ಬಾಲ, ಅದೇ ಬಣ್ಣದ ಹೊಂದಾಣಿಕೆ ಇರುವ ಜೀವಿಯನ್ನು ನೀವು ಹೊಸ ಪೆನ್ಸಿಲ್ಲಿನಿಂದ ಬಿಡಿಸಿದರೂ ಪಾತ್ರ ಅವರದೇ. ಶೇಕಡಾ 30ರಷ್ಟು ಬದಲಿಸಿದರೆ ಸಾಕು ಎಂಬ ಮಾತನ್ನು ನೀವೂ ಕೇಳಿರಬಹುದು. ಅಂಥ ಯಾವ ಅಳತೆಯೂ ಕಾನೂನಿನಲ್ಲಿಲ್ಲ. ಹೆಸರಿನ ವಿಚಾರ ಟ್ರೇಡ್‌ಮಾರ್ಕಿಗೆ ಸೇರಿದ್ದು, ಅಲ್ಲಿ ಕೇಳುವ ಪ್ರಶ್ನೆಯೇ ಬೇರೆ: ಇದನ್ನು ನೋಡಿದ ಸಾಮಾನ್ಯ ಗ್ರಾಹಕ, ಆ ಕಂಪನಿಯೇ ಇದನ್ನು ಹೊರತಂದಿದೆ ಎಂದು ತಿಳಿಯುವ ಸಾಧ್ಯತೆ ಇದೆಯೇ? ಒಂದೆರಡು ಅಕ್ಷರ ಬದಲಿಸಿದ ಹೆಸರು ಮೂಲವನ್ನು ನೆನಪಿಸಲೆಂದೇ ಹುಟ್ಟಿದ್ದು. ನೆನಪಿಸುತ್ತದೆ ಎಂಬುದೇ ಅದರ ಮೇಲಿನ ಆಕ್ಷೇಪ.

ಇನ್ನು, ದುಡ್ಡು ತೆಗೆದುಕೊಳ್ಳದಿದ್ದರೆ ಯಾರೂ ಕೇಳುವುದಿಲ್ಲ ಎಂಬ ನಂಬಿಕೆ. 2016ರ ಆಗಸ್ಟ್ ತಿಂಗಳೊಂದೇ ಇದಕ್ಕೆ ಉತ್ತರ ಹೇಳುತ್ತದೆ. ಆ ತಿಂಗಳು ಎರಡು ಅಭಿಮಾನಿ ಗೇಮ್‌ಗಳು ಹೊರಬಂದವು. ‘ಪೋಕೆಮಾನ್ ಯುರೇನಿಯಂ’ ಎಂಬುದಕ್ಕೆ ಅದರ ತಂಡ ಸುಮಾರು ಒಂಬತ್ತು ವರ್ಷ ದುಡಿದಿತ್ತು. ಮೆಟ್ರಾಯ್ಡ್ ಸರಣಿಯ ಎರಡನೆಯ ಗೇಮನ್ನು ಹೊಸದಾಗಿ ಕಟ್ಟಿದ ‘ಎಎಂ2ಆರ್’ ಹಿಂದೆ ಸುಮಾರು ಹತ್ತು ವರ್ಷಗಳ ಕೆಲಸವಿತ್ತು. ಎರಡೂ ಉಚಿತ. ಈ ಎರಡೂ ಸರಣಿಗಳ ಹಿಂದಿರುವ ಗೇಮ್ ಕಂಪನಿ ನಿಂಟೆಂಡೊ ಪರವಾಗಿ ನೋಟಿಸುಗಳು ಬಂದವು, ಕೆಲವೇ ದಿನಗಳಲ್ಲಿ ಎರಡರ ಡೌನ್‌ಲೋಡ್ ಕೊಂಡಿಗಳನ್ನೂ ತೆಗೆಯಬೇಕಾಯಿತು. ಯುರೇನಿಯಂ ತಂಡ ಆ ವೇಳೆಗೆ 15 ಲಕ್ಷಕ್ಕೂ ಹೆಚ್ಚು ಡೌನ್‌ಲೋಡ್ ಆಗಿವೆ ಎಂದು ಹೇಳಿಕೊಂಡಿತ್ತು. ಅಷ್ಟು ಜನ ಮೆಚ್ಚಿದ್ದು ರಕ್ಷಣೆಯಾಗಲಿಲ್ಲ. ಬಹುಶಃ ಕಣ್ಣಿಗೆ ಬೀಳಲು ಅದೇ ಕಾರಣವಾಯಿತು. ನಿಮ್ಮ ಗೇಮಿನಲ್ಲಂತೂ ಜಾಹೀರಾತಿದೆ. ಆಡುವವರಿಂದ ಹಣ ಪಡೆಯದಿದ್ದರೂ ಅವರ ಗಮನವನ್ನು ಮಾರಿ ಹಣ ಪಡೆಯುತ್ತೀರಿ, ಆದ್ದರಿಂದ ಅದು ವಾಣಿಜ್ಯ ಬಳಕೆಯೇ.

ಹಾಗಾದರೆ ಎಷ್ಟೋ ಅಭಿಮಾನಿ ಗೇಮ್‌ಗಳು ಇಂದಿಗೂ ಉಳಿದುಕೊಂಡಿವೆಯಲ್ಲ ಎಂದು ನೀವು ಕೇಳಬಹುದು. ಉಳಿದಿವೆ. ಕೆಲವು ಕಂಪನಿಗಳು ಕಂಡೂ ಕಾಣದಂತೆ ಇರುತ್ತವೆ. ಸೋನಿಕ್ ಸರಣಿಯ ಅಭಿಮಾನಿ ಗೇಮ್‌ಗಳನ್ನು ಮಾಡುತ್ತಿದ್ದ ಕ್ರಿಶ್ಚಿಯನ್ ವೈಟ್‌ಹೆಡ್ ಅವರ ಕೈಗೇ ಸೆಗಾ ಕಂಪನಿ ಅಧಿಕೃತ ಗೇಮ್ ಒಪ್ಪಿಸಿ, ಅದು 2017ರಲ್ಲಿ ‘ಸೋನಿಕ್ ಮೇನಿಯಾ’ ಆಗಿ ಹೊರಬಂದದ್ದೂ ನಿಜ. ಆದರೆ ಸುಮ್ಮನಿರುವುದು ಅನುಮತಿಯಲ್ಲ. ಇಂದು ಸುಮ್ಮನಿರುವ ಕಂಪನಿ, ನಾಳೆ ತನ್ನದೇ ಹೊಸ ಗೇಮ್ ತರುವಾಗ ನೋಟಿಸ್ ಕಳುಹಿಸಬಹುದು. ನಿಮ್ಮ ಕೈಯಲ್ಲಿ ತೋರಿಸಲು ಒಂದು ಸಾಲಿನ ಪತ್ರವೂ ಇರುವುದಿಲ್ಲ.

ಈಗ ಉಳಿಸಿಕೊಳ್ಳಬಹುದಾದ ಭಾಗಕ್ಕೆ ಬರೋಣ. ಹಕ್ಕುಸ್ವಾಮ್ಯ ಕಲ್ಪನೆಗೆ ಸಿಗುವುದಿಲ್ಲ, ಆ ಕಲ್ಪನೆಯನ್ನು ಒಬ್ಬರು ಹೇಳಿದ ರೀತಿಗೆ ಸಿಗುತ್ತದೆ. ಕಾಡಿನಲ್ಲಿ ಜೀವಿಗಳನ್ನು ಹುಡುಕುವುದು, ಹಿಡಿಯುವುದು, ಬೆಳೆಸುವುದು, ಒಬ್ಬರಾದ ಮೇಲೊಬ್ಬರು ಸರದಿಯಂತೆ ಹೋರಾಡಿಸುವುದು, ಬೆಂಕಿಗೆ ನೀರು ಮೇಲುಗೈ ಎಂಬ ಲೆಕ್ಕ, ಇವೆಲ್ಲ ಆಟದ ನಿಯಮಗಳು. ಇವುಗಳಿಗೆ ಹಕ್ಕುಸ್ವಾಮ್ಯ ಇಲ್ಲ. ನಿಮ್ಮ ಹೋರಾಟ ವ್ಯವಸ್ಥೆಯ ಕೋಡ್, ಜೀವಿ ಬೆಳೆಯುವ ಲೆಕ್ಕಾಚಾರ, ಸೇವ್ ಮಾಡುವ ಪದ್ಧತಿ, ಮೆನುಗಳ ಹಿಂದಿನ ಕೆಲಸ, ನೀವೇ ಬರೆದ ಉಪಕಥೆಗಳು, ಇವೆಲ್ಲ ನಿಮ್ಮವೇ. ಎರಡು ವರ್ಷಗಳಲ್ಲಿ ಹೆಚ್ಚಿನ ಹೊತ್ತು ಹೋದದ್ದು ಇವುಗಳ ಮೇಲೆಯೇ ಎಂದು ನಾನು ಊಹಿಸುತ್ತೇನೆ.

ಆದರೆ ‘ನಿಯಮ ಮಾತ್ರ ತೆಗೆದುಕೊಂಡೆ’ ಎಂಬ ಮಾತಿಗೂ ಒಂದು ಎಲ್ಲೆ ಇದೆ. ಅದನ್ನು ಚೆನ್ನಾಗಿ ತೋರಿಸುವುದು ಅಮೆರಿಕದ ನ್ಯೂ ಜೆರ್ಸಿಯ ಜಿಲ್ಲಾ ನ್ಯಾಯಾಲಯ 2012ರಲ್ಲಿ ತೀರ್ಮಾನಿಸಿದ ಟೆಟ್ರಿಸ್ ಪ್ರಕರಣ. ಕ್ಸಿಯೊ ಎಂಬ ಸಣ್ಣ ಕಂಪನಿ ‘ಮಿನೊ’ ಎಂಬ ಐಫೋನ್ ಗೇಮ್ ಮಾಡಿತ್ತು. ಅವರು ಟೆಟ್ರಿಸ್‌ನ ಕೋಡ್ ಕದಿಯಲಿಲ್ಲ, ಹೆಸರನ್ನೂ ಇಟ್ಟುಕೊಳ್ಳಲಿಲ್ಲ. ಯಾವುದಕ್ಕೆ ರಕ್ಷಣೆ ಇಲ್ಲ ಎಂದು ಮೊದಲೇ ವಿಚಾರಿಸಿಕೊಂಡು, ನಿಯಮಗಳನ್ನು ಮಾತ್ರ ತೆಗೆದುಕೊಂಡಿದ್ದೇವೆ ಎಂದು ವಾದಿಸಿದರು. ನ್ಯಾಯಾಲಯ ಒಪ್ಪಲಿಲ್ಲ. ಬೀಳುವ ತುಂಡುಗಳನ್ನು ಜೋಡಿಸಿ ಸಾಲು ತುಂಬುವುದು ನಿಯಮ, ಅದನ್ನು ಯಾರು ಬೇಕಾದರೂ ಬಳಸಬಹುದು. ಆದರೆ ಹತ್ತು ಚೌಕ ಅಗಲ, ಇಪ್ಪತ್ತು ಚೌಕ ಎತ್ತರದ ಅದೇ ಅಂಗಳ, ಅದೇ ತುಂಡುಗಳ ಅದೇ ನೋಟ, ತುಂಡು ಎಲ್ಲಿ ಕೂರುತ್ತದೆ ಎಂದು ತೋರಿಸುವ ಅದೇ ನೆರಳು, ಇವೆಲ್ಲ ಸೇರಿದಾಗ ಅದು ಅಭಿವ್ಯಕ್ತಿಯ ನಕಲು ಎಂದು ಹೇಳಿತು. ಎರಡು ಗೇಮ್‌ಗಳ ಪರದೆಗಳನ್ನು ಅಕ್ಕಪಕ್ಕ ಇಟ್ಟರೆ ಯಾವುದು ಯಾವುದೆಂದು ಹೇಳುವುದೇ ಕಷ್ಟವಿತ್ತು.

ಈ ಅಕ್ಕಪಕ್ಕ ಇಡುವ ಪರೀಕ್ಷೆಯನ್ನು ನೀವೂ ಮಾಡಿ. ನಿಮ್ಮ ಗೇಮಿನ ಹೋರಾಟದ ಪರದೆ, ನಕ್ಷೆ, ಜೀವಿಗಳ ಪಟ್ಟಿ, ಅಂಗಡಿ, ಹೀಗೆ ಹತ್ತು ಚಿತ್ರಗಳನ್ನು ತೆಗೆದು ಮೂಲ ಗೇಮಿನ ಅಂಥದೇ ಚಿತ್ರಗಳ ಪಕ್ಕದಲ್ಲಿಟ್ಟು, ಹೆಸರುಗಳನ್ನು ಮುಚ್ಚಿ, ಎರಡನ್ನೂ ಬಲ್ಲ ಸ್ನೇಹಿತರೊಬ್ಬರಿಗೆ ತೋರಿಸಿ. ‘ಅದೇ ಬಗೆಯ ಗೇಮ್’ ಎಂದರೆ ತೊಂದರೆಯಿಲ್ಲ. ‘ಅದೇ ಗೇಮ್’ ಎಂದರೆ ಯಾವ ಪರದೆ ಹಾಗನ್ನಿಸಿತು ಎಂದು ಕೇಳಿ, ಅದನ್ನು ಮತ್ತೆ ಕಟ್ಟಿ. ಜೀವಿಗಳ ವಿಷಯದಲ್ಲಿ ಇರುವುದನ್ನೇ ತಿದ್ದುತ್ತಾ ಹೋಗಬೇಡಿ. ತಿದ್ದಿದ ಜೀವಿ ಮೂಲದ ನೆರಳನ್ನು ಬಿಡುವುದಿಲ್ಲ. ಆ ಕಡತವನ್ನು ಮುಚ್ಚಿಟ್ಟು, ನಿಜವಾದ ಪ್ರಾಣಿ, ಕೀಟ, ಗಿಡಗಳನ್ನು ನೋಡಿ ಖಾಲಿ ಹಾಳೆಯಿಂದ ಆರಂಭಿಸಿ. ಹಾಗೆ ಬಿಡಿಸಿದ ಕರಡುಗಳನ್ನು ದಿನಾಂಕದ ಸಮೇತ ಇಟ್ಟುಕೊಳ್ಳಿ, ಮುಂದೆ ಯಾರಾದರೂ ಕೇಳಿದರೆ ಇದು ಹೇಗೆ ಹುಟ್ಟಿತು ಎಂದು ತೋರಿಸಲು ಅವುಗಳಿಗಿಂತ ಒಳ್ಳೆಯ ಸಾಕ್ಷಿಯಿಲ್ಲ.

ನಿಮ್ಮ ಗೇಮಿನ ಬಗೆಗೆ ಸೇರಿದ ಇನ್ನೊಂದು ಮಾತು: ನಿಯಮಕ್ಕೆ ಹಕ್ಕುಸ್ವಾಮ್ಯ ಇಲ್ಲದಿದ್ದರೂ, ಕೆಲವು ಆಟದ ವಿಧಾನಗಳಿಗೆ ಪೇಟೆಂಟ್ ಇರಬಹುದು. 2024ರ ಸೆಪ್ಟೆಂಬರ್‌ನಲ್ಲಿ ನಿಂಟೆಂಡೊ ಮತ್ತು ಪೋಕೆಮಾನ್ ಕಂಪನಿ ‘ಪಾಲ್‌ವರ್ಲ್ಡ್’ ಗೇಮ್ ತಯಾರಕರ ಮೇಲೆ ಟೋಕಿಯೊ ಜಿಲ್ಲಾ ನ್ಯಾಯಾಲಯದಲ್ಲಿ ಹೂಡಿದ ದಾವೆ ಪೇಟೆಂಟಿನದು, ಹಕ್ಕುಸ್ವಾಮ್ಯದ್ದಲ್ಲ. ಪೇಟೆಂಟ್ ಆಯಾ ದೇಶಕ್ಕೆ ಸೀಮಿತ, ಅದರ ವ್ಯಾಪ್ತಿಯೂ ಕಿರಿದು. ಒಬ್ಬರೇ ಮಾಡಿದ ಸಣ್ಣ ಗೇಮಿಗಾಗಿ ಪೇಟೆಂಟ್ ಶೋಧ ಮಾಡಿಸಿ ಎಂದು ನಾನು ಹೇಳುವುದಿಲ್ಲ. ಆದರೆ ಜೀವಿಯನ್ನು ಹಿಡಿಯುವ ಕ್ಷಣವನ್ನು ಮೂಲ ಗೇಮಿನಂತೆಯೇ, ವಸ್ತುವೊಂದನ್ನು ಗುರಿಯಿಟ್ಟು ಎಸೆಯುವ ರೀತಿಯಲ್ಲಿ ಮಾಡಿದ್ದರೆ ಅದನ್ನು ಬದಲಿಸಿ. ನಿಮ್ಮದೇ ಒಂದು ವಿಧಾನ ಕಂಡುಕೊಂಡರೆ ಗೇಮಿಗೂ ಒಳ್ಳೆಯದು.

ಹೊಸ ಹೆಸರು ಹುಡುಕುವಾಗ ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಯಾದ ಡಬ್ಲ್ಯುಐಪಿಒದ ಉಚಿತ ಜಾಗತಿಕ ಬ್ರ್ಯಾಂಡ್ ದತ್ತಾಂಶದಲ್ಲಿ ಹುಡುಕಿ. ಟ್ರೇಡ್‌ಮಾರ್ಕುಗಳು ವರ್ಗಗಳಂತೆ ನೋಂದಣಿಯಾಗುತ್ತವೆ. ನಿಮಗೆ ಬೇಕಾದವು ಮುಖ್ಯವಾಗಿ ಡೌನ್‌ಲೋಡ್ ಮಾಡುವ ಸಾಫ್ಟ್‌ವೇರ್ ಬರುವ 9ನೆಯ ವರ್ಗ, ಮನರಂಜನಾ ಸೇವೆ ಬರುವ 41ನೆಯ ವರ್ಗ. ಅಕ್ಷರಶಃ ಅದೇ ಹೆಸರನ್ನು ಮಾತ್ರವಲ್ಲ, ಬಾಯಲ್ಲಿ ಹೇಳಿದಾಗ ಹಾಗೆಯೇ ಕೇಳಿಸುವ ಹೆಸರುಗಳನ್ನೂ ಹುಡುಕಬೇಕು. ನೋಂದಣಿಯಾಗದ ಹೆಸರಿಗೂ ಬಳಕೆಯಿಂದ ಹಕ್ಕು ಹುಟ್ಟುವ ದೇಶಗಳಿವೆ, ಆದ್ದರಿಂದ ಎರಡೂ ಆ್ಯಪ್ ಅಂಗಡಿಗಳಲ್ಲಿ ಆ ಹೆಸರು ಹಾಕಿ ನೋಡುವುದನ್ನು ಮರೆಯಬೇಡಿ. ಹಾಗೆಯೇ ಗೇಮಿನ ವಿವರಣೆಯಲ್ಲಿ, ಹುಡುಕು ಪದಗಳಲ್ಲಿ ಮೂಲ ಗೇಮಿನ ಹೆಸರು ಹಾಕಬೇಡಿ. ಇತರರ ಟ್ರೇಡ್‌ಮಾರ್ಕುಗಳನ್ನೂ ಪ್ರಸಿದ್ಧ ಆ್ಯಪ್‌ಗಳ ಹೆಸರನ್ನೂ ಹುಡುಕು ಪದಗಳಲ್ಲಿ ತುಂಬುವುದನ್ನು ಆ್ಯಪಲ್‌ನ ಪರಿಶೀಲನಾ ನಿಯಮಗಳು ನೇರವಾಗಿಯೇ ನಿಷೇಧಿಸುತ್ತವೆ. ಗೇಮಿನೊಳಗೆ ಎಲ್ಲವನ್ನೂ ಸರಿಮಾಡಿ, ಈ ಒಂದು ಸಾಲಿನಿಂದ ಸಿಕ್ಕಿಬಿದ್ದವರನ್ನು ನಾನು ಕಂಡಿದ್ದೇನೆ.

ಇನ್ನು ಉಚಿತ ಕಡತಗಳು. ‘ಉಚಿತ’ ಎಂಬುದು ಬೆಲೆಯ ಮಾತು, ಪರವಾನಗಿಯ ಮಾತಲ್ಲ. ಡೌನ್‌ಲೋಡ್ ಮಾಡಲು ಬಿಟ್ಟಿದ್ದಾರೆ ಎಂದರೆ ಗೇಮಿನಲ್ಲಿ ಸೇರಿಸಿ ಹಂಚಲು ಬಿಟ್ಟಿದ್ದಾರೆ ಎಂದಲ್ಲ. ಪರವಾನಗಿ ಏನೂ ಬರೆದಿಲ್ಲದಿದ್ದರೆ ಉತ್ತರ ‘ಇಲ್ಲ’ ಎಂದೇ. ಕೃತಿ ಹುಟ್ಟಿದ ಕ್ಷಣದಿಂದ ಹಕ್ಕು ಬರೆದವರದು, ಬಿಡಿಸಿದವರದು.

ನಿಮ್ಮ ಗೇಮಿಗೆ ಹೋಲುವ ಒಂದು ಪರಿಶೀಲನೆಯನ್ನು ವಿವರವಾಗಿ ಹೇಳುತ್ತೇನೆ. ಗುಹೆಯೊಳಗೆ ಅಲೆದಾಡುವ ಒಂದು ಗೇಮ್, ಮಾಡಿದವರು ಇಬ್ಬರು. ಹೊರಗಿನಿಂದ ತಂದ ಕಡತಗಳು ಒಟ್ಟು 63. ಒಂದೊಂದಕ್ಕೂ ಅದು ಸಿಕ್ಕ ಪುಟವನ್ನು ಮತ್ತೆ ಹುಡುಕಿ ಓದಿದೆವು. 41 ಕಡತಗಳು CC0, ಕ್ರಿಯೇಟಿವ್ ಕಾಮನ್ಸ್ ಸಂಸ್ಥೆ ಎಲ್ಲರ ಬಳಕೆಗೆ ಬರೆದಿಟ್ಟ ಸಿದ್ಧ ಪರವಾನಗಿಗಳ ಸಾಲಿನದು, ಅಂದರೆ ರಚಿಸಿದವರು ತಮ್ಮ ಹಕ್ಕುಗಳನ್ನು ಬಿಟ್ಟುಕೊಟ್ಟಂಥವು. 12 ಕಡತಗಳು CC BY, ಹೆಸರು ಹೇಳಿ ಬಳಸಬಹುದಾದವು. 3 ಕಡತಗಳಲ್ಲಿ NC ಎಂಬ ಎರಡು ಅಕ್ಷರ ಇತ್ತು, ಅಂದರೆ ವಾಣಿಜ್ಯಕ್ಕೆ ಬಳಸುವಂತಿಲ್ಲ. 5 ಕಡತಗಳ ಪುಟದಲ್ಲಿ ಪರವಾನಗಿಯೇ ಇರಲಿಲ್ಲ. ಉಳಿದ 2 ಶಬ್ದದ ಕಡತಗಳ ಪುಟದಲ್ಲಿ CC0 ಎಂದೇ ಇತ್ತು, ಆದರೆ ನಮಗೆ ಹೆಚ್ಚು ಚಿಂತೆ ತಂದವು ಅವೇ.

ಅವುಗಳಲ್ಲಿ ಒಂದು ಬಾಗಿಲು ಮುಚ್ಚುವ ಶಬ್ದ. ಹೆಡ್‌ಫೋನ್ ಹಾಕಿ ಧ್ವನಿ ಏರಿಸಿ ಕೇಳಿದಾಗ, ಬಾಗಿಲಿನ ಶಬ್ದದ ಹಿಂದೆ ಯಾವುದೋ ವಾದ್ಯದ ಎಳೆ ಕ್ಷೀಣವಾಗಿ ಕೇಳಿಸುತ್ತಿತ್ತು, ಕೊನೆಗೆ ಅದು ತಟ್ಟನೆ ತುಂಡಾಗುತ್ತಿತ್ತು. ಮನೆಯ ಬಾಗಿಲ ಬಳಿ ಮೈಕ್ ಹಿಡಿದು ರೆಕಾರ್ಡ್ ಮಾಡಿದವರ ಕಡತದಲ್ಲಿ ಹಿನ್ನೆಲೆ ಸಂಗೀತ ಎಲ್ಲಿಂದ ಬರಬೇಕು? ಯಾವುದೋ ಸಿನಿಮಾದಿಂದಲೋ ಗೇಮಿನಿಂದಲೋ ಕತ್ತರಿಸಿದ ಶಬ್ದ ಅದು. ಏರಿಸಿದವರ ಪುಟಕ್ಕೆ ಹೋಗಿ ನೋಡಿದರೆ ಒಂದಕ್ಕೊಂದು ಸಂಬಂಧವೇ ಇಲ್ಲದ ಇನ್ನೂರಕ್ಕೂ ಹೆಚ್ಚು ಕಡತಗಳು, ಎಲ್ಲವೂ ಒಂದೆರಡು ದಿನಗಳಲ್ಲಿ ಏರಿಸಿದವು. ತನ್ನದಲ್ಲದ್ದನ್ನು ದಾನ ಮಾಡುವ ಅಧಿಕಾರ ಯಾರಿಗೂ ಇಲ್ಲ. ಅವರು CC0 ಎಂದು ಬರೆದರೂ ನಿಮಗೆ ಯಾವ ಹಕ್ಕೂ ಬರುವುದಿಲ್ಲ. ನಂಬಿ ಬಳಸಿದೆ ಎಂಬುದು ನಿಮ್ಮ ಪ್ರಾಮಾಣಿಕತೆ ತೋರಿಸಬಹುದೇ ಹೊರತು ಕಡತವನ್ನು ಉಳಿಸುವುದಿಲ್ಲ. ಚಿತ್ರಗಳಿಗೂ ಇದೇ ಪರೀಕ್ಷೆ ಇದೆ. ಚಿತ್ರದಿಂದ ಚಿತ್ರ ಹುಡುಕುವ ಸೌಲಭ್ಯದಲ್ಲಿ ಹಾಕಿ, ಅದು ಹಳೆಯ ದಿನಾಂಕದಲ್ಲಿ ಬೇರೆಯವರ ಹೆಸರಿನಲ್ಲಿ ಕಾಣುತ್ತದೆಯೇ ನೋಡಿ. ಒಬ್ಬನೇ ಕಲಾವಿದನ ಪುಟದಲ್ಲಿ ಐದಾರು ಕೈಗಳ ಶೈಲಿ ಕಂಡರೆ ಆ ಪುಟವನ್ನೇ ಬಿಡಿ.

ನಿಮ್ಮ ನೆಲ, ಮರ, ಗುಹೆಗಳ ಚಿತ್ರಗಳು ಓಪನ್‌ಗೇಮ್‌ಆರ್ಟ್‌ನಂಥ ತಾಣದಿಂದ ಬಂದಿದ್ದರೆ, ಅವುಗಳಲ್ಲಿ ಕೆಲವು CC BY-SA ಆಗಿರುವ ಸಾಧ್ಯತೆ ಹೆಚ್ಚು. 2012ರ ಲಿಬರೇಟೆಡ್ ಪಿಕ್ಸೆಲ್ ಕಪ್ ಸ್ಪರ್ಧೆಯಿಂದ ಬೆಳೆದ ದೊಡ್ಡ ಸಂಗ್ರಹವೂ ಬಹುಮಟ್ಟಿಗೆ ಅಂಥದೇ. ಇದರ ಷರತ್ತು ಇಷ್ಟು: ನೀವು ಆ ಚಿತ್ರವನ್ನು ಬದಲಿಸಿದರೆ, ಬದಲಿಸಿದ ಚಿತ್ರವನ್ನೂ ಅದೇ ಪರವಾನಗಿಯಲ್ಲಿ ಬೇರೆಯವರಿಗೆ ಬಿಟ್ಟುಕೊಡಬೇಕು. ಗೇಮಿನ ಕೋಡಿಗೆ ಈ ಷರತ್ತು ತಾನಾಗಿ ಅಂಟಿಕೊಳ್ಳುವುದಿಲ್ಲ ಎಂಬುದೇ ಸಾಮಾನ್ಯ ತಿಳಿವಳಿಕೆ. ಹಾಗಾಗಿ ತಿದ್ದಿದ ಚಿತ್ರಗಳನ್ನು ಒಂದು ಕಡೆ ಡೌನ್‌ಲೋಡಿಗೆ ಇಡಲು ನೀವು ಸಿದ್ಧರಿದ್ದರೆ ಬಳಸಬಹುದು. ಒಂದು ಸೂಕ್ಷ್ಮ ಮಾತ್ರ ಉಳಿಯುತ್ತದೆ. ಕ್ರಿಯೇಟಿವ್ ಕಾಮನ್ಸ್ ಪರವಾನಗಿಗಳು, CC BY ಕೂಡ, ಕೃತಿಯನ್ನು ಇತರರು ಬಳಸದಂತೆ ತಾಂತ್ರಿಕ ಬೀಗ ಹಾಕಬಾರದು ಎನ್ನುತ್ತವೆ. ಆ್ಯಪ್ ಅಂಗಡಿ ಆ್ಯಪನ್ನು ಗೂಢಲಿಪಿಯಲ್ಲಿ ಹಂಚುವುದು ಈ ಬೀಗಕ್ಕೆ ಸಮವೇ ಎಂಬ ಚರ್ಚೆ ಹಳೆಯದು. ಓಪನ್‌ಗೇಮ್‌ಆರ್ಟ್‌ನವರು ಈ ಷರತ್ತನ್ನು ತೆಗೆದ OGA-BY ಎಂಬ ಪರವಾನಗಿಯನ್ನು ಹೊರತಂದದ್ದು ಇದೇ ಕಾರಣಕ್ಕೆ. ನನ್ನ ಸಲಹೆ: ಮೊಬೈಲಿಗೆ CC0 ಅಥವಾ OGA-BY ಮೊದಲ ಆಯ್ಕೆ, ಬಹಳ ಇಷ್ಟವಾದ CC BY ಕಡತವಿದ್ದರೆ ಕಲಾವಿದರಿಗೆ ಎರಡು ಸಾಲು ಬರೆದು, ಅಂಗಡಿಯ ಮೂಲಕ ಹಂಚಲು ಒಪ್ಪಿಗೆ ಕೇಳಿ. ಕೇಳಿದವರಿಗೆ ಹೆಚ್ಚಿನ ಕಲಾವಿದರು ಸಂತೋಷದಿಂದಲೇ ಒಪ್ಪಿದ್ದನ್ನು ಕಂಡಿದ್ದೇನೆ.

ಸಂಗೀತದಲ್ಲಿ ಇನ್ನಷ್ಟು ಎಚ್ಚರ ಬೇಕು. ವಿಡಿಯೊ ತಾಣದಲ್ಲಿ ‘ಕಾಪಿರೈಟ್ ಇಲ್ಲದ ಸಂಗೀತ’ ಎಂಬ ಶೀರ್ಷಿಕೆಯಲ್ಲಿ ಸಿಗುವುದರಲ್ಲಿ ಬಹುಪಾಲು ವಿಡಿಯೊದ ಹಿನ್ನೆಲೆಗೆ ಮಾತ್ರ ಕೊಟ್ಟಿರುವಂಥದು. ಗೇಮಿನೊಳಗೆ ಕಡತವಾಗಿ ಸೇರಿಸಿ ಹಂಚುವುದಕ್ಕೆ ಆ ಅನುಮತಿ ಮುಟ್ಟುವುದಿಲ್ಲ. ‘ರಾಯಲ್ಟಿ ಫ್ರೀ’ ಎಂದರೆ ಪ್ರತಿ ಬಳಕೆಗೂ ಮತ್ತೆ ಮತ್ತೆ ಹಣ ಕೊಡಬೇಕಾಗಿಲ್ಲ ಎಂದರ್ಥ. ಆರಂಭದಲ್ಲಿ ಪರವಾನಗಿ ಕೊಳ್ಳಬೇಕಾಗಬಹುದು. NC ಇರುವ ಹಾಡು ಜಾಹೀರಾತಿರುವ ನಿಮ್ಮ ಗೇಮಿಗೆ ಆಗುವುದಿಲ್ಲ. ಬದಲಿಸಿ ಹಂಚಬಾರದು ಎನ್ನುವ ND ಇರುವುದನ್ನು ಕತ್ತರಿಸಿ ಮತ್ತೆ ಮತ್ತೆ ಸುತ್ತುವಂತೆ ಮಾಡಲಾಗದು. SA ಸಂಗೀತವನ್ನು ನಾನಂತೂ ಬಿಡಿ ಎನ್ನುತ್ತೇನೆ, ಏಕೆಂದರೆ ಚಲಿಸುವ ಚಿತ್ರದ ಕಾಲಕ್ಕೆ ಹೊಂದಿಸಿ ಜೋಡಿಸಿದ ಸಂಗೀತವನ್ನು ಆ ಪರವಾನಗಿ ಬದಲಿಸಿದ ಕೃತಿಯೆಂದೇ ಎಣಿಸುತ್ತದೆ. ಅಂಥ ಜೋಡಣೆ ನಿಮ್ಮ ಗೇಮಿನಲ್ಲಿ ಎಲ್ಲಿಂದ ಎಲ್ಲಿಯವರೆಗೆ ಎಂದು ಗೆರೆ ಎಳೆಯುವುದು ಸುಲಭವಲ್ಲ. ಪರವಾನಗಿ ಸರಿಯಿದ್ದರೂ ಒಂದು ವಿಚಾರ ಕೇಳಿಕೊಳ್ಳಿ: ಸಂಗೀತಗಾರರು ಆ ಹಾಡನ್ನು ವಿಡಿಯೊ ತಾಣದ ಸ್ವಯಂಚಾಲಿತ ಗುರುತಿಸುವಿಕೆಗೆ ಸೇರಿಸಿದ್ದಾರೆಯೇ? ಸೇರಿಸಿದ್ದರೆ, ನಿಮ್ಮ ಗೇಮನ್ನು ಆಡಿ ವಿಡಿಯೊ ಹಾಕಿದವರಿಗೆಲ್ಲ ಹಕ್ಕುಸ್ವಾಮ್ಯದ ಆಕ್ಷೇಪದ ಸೂಚನೆ ಹೋಗುತ್ತದೆ, ಅವರು ನಿಮ್ಮ ಗೇಮನ್ನು ತೋರಿಸುವುದನ್ನೇ ನಿಲ್ಲಿಸುತ್ತಾರೆ.

ಫಾಂಟಿನದು ಸುಲಭ. ‘ಸ್ವಂತ ಬಳಕೆಗೆ ಉಚಿತ’ ಎಂದಿದ್ದರೆ ತೆಗೆಯಿರಿ, SIL Open Font License ಇರುವುದನ್ನು ಹಾಕಿ, ಅದರ ಪರವಾನಗಿಯ ಕಡತವನ್ನೂ ಜೊತೆಗಿಡಿ. ಆ ಪರವಾನಗಿ ಫಾಂಟನ್ನು ಆ್ಯಪಿನೊಳಗೆ ಸೇರಿಸಲು ಬಿಡುತ್ತದೆ, ಫಾಂಟನ್ನು ಮಾತ್ರ ಪ್ರತ್ಯೇಕವಾಗಿ ಮಾರಬಾರದು ಎನ್ನುತ್ತದೆ.

ಆ ಗುಹೆಯ ಗೇಮಿನಲ್ಲಿ ಕೊನೆಗೆ 63ರಲ್ಲಿ 10 ಕಡತಗಳನ್ನು ತೆಗೆದು ಬದಲಿ ಹಾಕಿದೆವು. ಉಳಿದ ಪ್ರತಿಯೊಂದಕ್ಕೂ ಹೀಗೆ ಒಂದು ದಾಖಲೆ ಬರೆದೆವು:

```
file:     audio/cave_loop.ogg
source:   (ಕಡತ ಸಿಕ್ಕ ಪುಟದ ಪೂರ್ಣ ವಿಳಾಸ)
author:   (ಪುಟದಲ್ಲಿ ಇರುವಂತೆಯೇ ಹೆಸರು)
license:  CC BY 4.0
date:     (ಡೌನ್‌ಲೋಡ್ ಮಾಡಿದ ದಿನ)
changed:  92 ಸೆಕೆಂಡನ್ನು 40ಕ್ಕೆ ಕತ್ತರಿಸಿದೆ
proof:    proof/cave_loop.pdf
```

ಕೊನೆಯ ಸಾಲೇ ಹೆಚ್ಚು ಬೆಲೆಯುಳ್ಳದ್ದು. ಡೌನ್‌ಲೋಡ್ ಮಾಡಿದ ದಿನವೇ ಆ ಪುಟವನ್ನು ಪಿಡಿಎಫ್ ಆಗಿ ಉಳಿಸಿಡಿ. ಕ್ರಿಯೇಟಿವ್ ಕಾಮನ್ಸ್ ಪರವಾನಗಿಯನ್ನು ಒಮ್ಮೆ ಕೊಟ್ಟ ಮೇಲೆ ಹಿಂದಕ್ಕೆ ಪಡೆಯಲಾಗದು, ಆದರೆ ಪುಟವನ್ನು ಅಳಿಸಬಹುದು. ಅಳಿಸಿದ ಮೇಲೆ, ಅಂದು ಅಲ್ಲಿ ಏನು ಬರೆದಿತ್ತು ಎಂದು ತೋರಿಸುವ ಹೊರೆ ನಿಮ್ಮದು. ಆವೃತ್ತಿಯ ಸಂಖ್ಯೆಯನ್ನೂ ಬಿಡಬೇಡಿ. 3.0 ಆವೃತ್ತಿಯಲ್ಲಿ ಕೃತಿಗೆ ಶೀರ್ಷಿಕೆ ಇದ್ದರೆ ಅದನ್ನೂ ಹೇಳಬೇಕು. 4.0ರಲ್ಲಿ ಅದು ಕಡ್ಡಾಯವಲ್ಲ, ಮೇಲಾಗಿ ಅಲ್ಲಿ ಒಂದು ದಯೆ ಇದೆ: ಷರತ್ತು ಮುರಿದರೆ ಪರವಾನಗಿ ತಾನಾಗಿ ರದ್ದಾದರೂ, ತಪ್ಪು ಗೊತ್ತಾದ 30 ದಿನಗಳೊಳಗೆ ಸರಿಪಡಿಸಿದರೆ ತಾನಾಗಿ ಮರಳುತ್ತದೆ. 3.0ರಲ್ಲಿ ಹಾಗಿಲ್ಲ. ಗೇಮಿನ ಮೆನುವಿನಲ್ಲಿ ‘ಕೃತಜ್ಞತೆ’ ಎಂಬ ಪರದೆ ಮಾಡಿ, ಹೆಸರು, ಪರವಾನಗಿ, ಕೊಂಡಿ, ಏನು ಬದಲಿಸಿದಿರಿ ಎಂಬ ನಾಲ್ಕನ್ನೂ ಅಲ್ಲಿ ಹಾಕಿ. ‘ಎಲ್ಲ ಕಲಾವಿದರಿಗೂ ಧನ್ಯವಾದ’ ಎಂಬ ಒಂದೇ ಸಾಲು ಷರತ್ತನ್ನು ಪೂರೈಸುವುದಿಲ್ಲ.

ನಿಮ್ಮ ಮುಂದಿರುವ ದಾರಿಗಳನ್ನು ಈಗ ತೂಗಿ ನೋಡಬಹುದು. ಇದ್ದಂತೆಯೇ ಪ್ರಕಟಿಸಿದರೆ, ಯಾರೂ ಗಮನಿಸದೆ ಉಳಿಯಬಹುದು, ಆದರೆ ಗೇಮ್ ಗೆದ್ದಷ್ಟೂ ಅಪಾಯ ಹೆಚ್ಚು. ಗೆಲ್ಲಬಾರದೆಂದು ಬಯಸುತ್ತಾ ಗೇಮ್ ಪ್ರಕಟಿಸುವುದು ನೋವಿನ ಕೆಲಸ. ಮೂಲ ಕಂಪನಿಗೆ ಬರೆದು ಅನುಮತಿ ಕೇಳುವುದು ಪ್ರಾಮಾಣಿಕ ದಾರಿ, ಆದರೆ ದೊಡ್ಡ ಕಂಪನಿಯಿಂದ ಒಬ್ಬ ಡೆವಲಪರ್‌ಗೆ ಒಪ್ಪಿಗೆ ಸಿಗುವುದು ಬಹಳ ಅಪರೂಪ. ಕೇಳಿದ ಮೇಲೆ ‘ಗೊತ್ತಿರಲಿಲ್ಲ’ ಎನ್ನಲೂ ಆಗದು. ಜಾಹೀರಾತು ತೆಗೆದು ಅಂಗಡಿಯ ಹೊರಗೆ ಅಭಿಮಾನಿಗಳಿಗೆ ಮಾತ್ರ ಹಂಚಿದರೆ ಕಂಪನಿ ಕೆರಳುವ ಸಾಧ್ಯತೆ ಸ್ವಲ್ಪ ತಗ್ಗಬಹುದು, ಉಲ್ಲಂಘನೆ ಮಾತ್ರ ಹಾಗೆಯೇ ಉಳಿಯುತ್ತದೆ. ನಾನು ನಿಮ್ಮ ಜಾಗದಲ್ಲಿದ್ದರೆ ಲೋಕ, ಜೀವಿ, ಹೆಸರು ಮೂರನ್ನೂ ಕಳಚಿ, ಕೋಡ್ ಮತ್ತು ನನ್ನದೇ ಕಥೆಗಳ ಮೇಲೆ ಹೊಸದನ್ನು ಕಟ್ಟುತ್ತಿದ್ದೆ. ಆರು ತಿಂಗಳು ಹೆಚ್ಚು ಹಿಡಿಯಬಹುದು. ಆದರೆ ಆ ಮೇಲೆ ಗೇಮ್ ನಿಮ್ಮದು. ಮುಂದುವರಿದ ಭಾಗ ಮಾಡಬಹುದು, ಮಾರಬಹುದು, ಯಾರ ಮೌನಕ್ಕೂ ಕಾಯಬೇಕಾಗಿಲ್ಲ.

ಇಷ್ಟೆಲ್ಲ ಮಾಡಿದ ಮೇಲೂ ನೋಟಿಸ್ ಬಂದರೆ ಏನು ಮಾಡಬೇಕು ಎಂಬುದನ್ನೂ ತಿಳಿದಿರಿ. ಅಂಗಡಿಯವರು ವಿಚಾರಣೆ ನಡೆಸಿ ತೀರ್ಪು ಕೊಡುವವರಲ್ಲ. ಅಮೆರಿಕದ 1998ರ ಡಿಎಂಸಿಎ ಕಾಯ್ದೆಯಂತೆ, ಕ್ರಮಬದ್ಧವಾದ ಹಕ್ಕುಸ್ವಾಮ್ಯ ದೂರು ಬಂದಾಗ ಬೇಗನೆ ತೆಗೆದರೆ ಅವರ ಮೇಲೆ ಹೊಣೆ ಬರುವುದಿಲ್ಲ, ಆದ್ದರಿಂದ ಮೊದಲು ತೆಗೆಯುತ್ತಾರೆ. ದೂರು ತಪ್ಪು ಎಂದು ನಿಮಗೆ ಖಚಿತವಿದ್ದರೆ ಪ್ರತಿ ನೋಟಿಸ್ ಕೊಡಬಹುದು. ದೂರುದಾರರು ದಾವೆ ಹೂಡದಿದ್ದರೆ 10ರಿಂದ 14 ಕೆಲಸದ ದಿನಗಳಲ್ಲಿ ಅದನ್ನು ಮರಳಿ ಹಾಕಬೇಕು ಎನ್ನುತ್ತದೆ ಕಾಯ್ದೆ. ಆದರೆ ಆ ಪ್ರತಿ ನೋಟಿಸಿನಲ್ಲಿ ಸುಳ್ಳು ಹೇಳಿದರೆ ಶಿಕ್ಷೆಗೆ ಒಳಗಾಗುತ್ತೇನೆ ಎಂಬ ಪ್ರಮಾಣವೂ, ಅಮೆರಿಕದ ನ್ಯಾಯಾಲಯದ ವ್ಯಾಪ್ತಿಗೆ ಒಪ್ಪಿಗೆಯೂ ಇರುತ್ತವೆ. ಆ ಹೆಜ್ಜೆಗೆ ಮೊದಲು ವಕೀಲರೊಬ್ಬರನ್ನು ಕಾಣಿ. ನಿಮ್ಮ ಬಳಿ ಮೇಲಿನ ದಾಖಲೆಗಳಿದ್ದರೆ ಅವರ ಕೆಲಸ ಒಂದು ಗಂಟೆಯದು, ಇಲ್ಲದಿದ್ದರೆ ವಾರಗಳದು. ಟ್ರೇಡ್‌ಮಾರ್ಕ್ ದೂರಿಗೆ ಈ ಪ್ರತಿ ನೋಟಿಸಿನ ದಾರಿ ಇಲ್ಲ. ಅಲ್ಲಿ ದೂರುದಾರರ ಜೊತೆ ನೇರವಾಗಿ ಪತ್ರ ವ್ಯವಹಾರ ಮಾಡಿ, ಹೆಸರು ಬದಲಿಸಿ ಮುಗಿಸುವುದೇ ಸಾಮಾನ್ಯ.

ನೋಟಿಸ್ ಬಂದ ದಿನ ಒಂದು ಕೆಲಸವನ್ನು ಮಾತ್ರ ಮಾಡಬೇಡಿ: ಹೆಸರು, ಐಕಾನ್ ಬದಲಿಸಿ ಇನ್ನೊಂದು ಖಾತೆಯಿಂದ ಅದೇ ಗೇಮನ್ನು ಮತ್ತೆ ಏರಿಸುವುದು. ಪದೇಪದೇ ಉಲ್ಲಂಘಿಸುವವರ ಖಾತೆ ಮುಚ್ಚುವುದು ಅಂಗಡಿಗಳ ನಿಯಮ, ಗೂಗಲ್ ಪ್ಲೇ ಅದಕ್ಕೆ ಸಂಬಂಧಿಸಿದ ಇತರ ಖಾತೆಗಳನ್ನೂ ಮುಚ್ಚಬಹುದು. ಒಂದು ಗೇಮ್ ಹೋದರೆ ಇನ್ನೊಂದು ಮಾಡಬಹುದು, ಆದರೆ ಖಾತೆ ಹೋದರೆ ಆ ಇನ್ನೊಂದನ್ನು ಇಡಲು ಜಾಗವೇ ಇರುವುದಿಲ್ಲ. ಸದ್ಯಕ್ಕೆ ನಿಮ್ಮ ಗೇಮ್ ಇನ್ನೂ ಪ್ರಕಟವಾಗಿಲ್ಲ, ಹಾಗಾಗಿ ಸಮಯ ನಿಮ್ಮ ಕೈಯಲ್ಲೇ ಇದೆ. ಈ ವಾರ ಕಡತಗಳ ಪಟ್ಟಿಯನ್ನು ಆರಂಭಿಸಿ, ಮೊದಲು ಸಂಗೀತದಿಂದ.